ಶಿರಸಿಯ ಮ್ಯಾನೇಜರ್‌ಗೆ ಶಿರಸಿಯಷ್ಟೇ ಅಧಿಕಾರ

ಸೋಮವಾರ ಬೆಳಿಗ್ಗೆ ಶಾಖೆಯ ಬಾಗಿಲು ತೆರೆದಾಯಿತು, ಬಿಲ್ ಬರೆಯುವ ಗುಮಾಸ್ತರ ಇಮೇಲ್ ಮಾತ್ರ ತೆರೆಯುತ್ತಿಲ್ಲ. ಪಾಸ್‌ವರ್ಡ್ ಮರೆತುಹೋಗಿದೆ. ಅದನ್ನು ಬದಲಿಸುವ ಅಧಿಕಾರ ಇರುವುದು ಹುಬ್ಬಳ್ಳಿಯ ಮುಖ್ಯ ಕಚೇರಿಯಲ್ಲಿ ಕಂಪ್ಯೂಟರ್ ವ್ಯವಹಾರ ನೋಡಿಕೊಳ್ಳುವ ಒಬ್ಬರಿಗೆ. ಅವರು ಆ ಹೊತ್ತಿಗೆ ಬಸ್ಸಿನಲ್ಲಿದ್ದಾರೆ. ಎರಡು ಸಲ ಫೋನ್ ಮಾಡಿದ ಮೇಲೆ ಉತ್ತರ ಬರುತ್ತದೆ: “ಅಡ್ಮಿನ್ ಪಾಸ್‌ವರ್ಡ್ ವಾಟ್ಸಾಪ್‌ಗೆ ಕಳಸ್ತೀನ್ರಿ ಸರ್, ನೀವ ಮಾಡ್ಕೊಂಡ್ಬಿಡ್ರಿ.”

ಶಾಖೆಗಳಿರುವ ಸಂಸ್ಥೆಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ಐದು ನಿಮಿಷದಲ್ಲಿ ಗುಮಾಸ್ತರ ಸಮಸ್ಯೆ ತೀರುತ್ತದೆ. ಆದರೆ ಆ ಸಂದೇಶ ತಲುಪಿದ ಕ್ಷಣದಿಂದ ಶಿರಸಿಯ ಮ್ಯಾನೇಜರ್ ಇಡೀ ಸಂಸ್ಥೆಯ ಯಜಮಾನರಾಗಿರುತ್ತಾರೆ. ಅವರು ಮನಸ್ಸು ಮಾಡಿದರೆ ಮಾಲೀಕರ ಪಾಸ್‌ವರ್ಡ್ ಬದಲಿಸಬಹುದು, ಗದಗ ಶಾಖೆಯ ಖಾತೆಗಳನ್ನು ಅಳಿಸಬಹುದು, ಎರಡು ಹಂತದ ಭದ್ರತೆಯನ್ನು ತೆಗೆದುಹಾಕಬಹುದು, ಸಂಸ್ಥೆಗೆ ಬರುವ ಮೇಲ್‌ಗಳ ದಾರಿಯನ್ನೇ ತಿರುಗಿಸಬಹುದು. ಅವರು ಹಾಗೆ ಮಾಡುವವರಲ್ಲ ಎನ್ನೋಣ. ಅವರ ಫೋನ್ ಕಳೆದುಹೋದರೆ ಅದು ಸಿಕ್ಕವರ ಕೈಗೂ ಇಷ್ಟೆಲ್ಲ ಹೋಗುತ್ತದೆ. ಮಾಡಿದ್ದು ಯಾರು ಎಂದು ನಂತರ ಹುಡುಕಹೊರಟರೆ ದಾಖಲೆಯಲ್ಲಿ ಸಿಗುವುದು ‘ಅಡ್ಮಿನ್’ ಎಂಬ ಒಂದೇ ಹೆಸರು, ಏಕೆಂದರೆ ಆ ಹೆಸರಿನಲ್ಲಿ ಈಗ ಇಬ್ಬರಿದ್ದಾರೆ.

ಇದಕ್ಕೆ ಪರಿಹಾರ ನೀವು ಹಣ ಕೊಟ್ಟು ಬಳಸುತ್ತಿರುವ ಆಫೀಸ್ ಸೇವೆಯಲ್ಲೇ ಇದೆ. ಶಾಖೆಯ ಮ್ಯಾನೇಜರ್‌ಗೆ ಅವರದೇ ಹೆಸರಿನಲ್ಲಿ, ಅವರ ಶಾಖೆಯ ಸಿಬ್ಬಂದಿಯ ಮೇಲೆ ಮಾತ್ರ, ಬೇಕಾದ ಎರಡು ಮೂರು ಕೆಲಸಗಳಿಗೆ ಮಾತ್ರ ಅಧಿಕಾರ ಕೊಡಬಹುದು. ಸಣ್ಣ ಮತ್ತು ಮಧ್ಯಮ ಸಂಸ್ಥೆಗಳಲ್ಲಿ ಹೆಚ್ಚಾಗಿ ಕಾಣುವ ಗೂಗಲ್ ವರ್ಕ್‌ಸ್ಪೇಸ್ ಅನ್ನು ಇಟ್ಟುಕೊಂಡು ಇದನ್ನು ನೋಡೋಣ. ನಮ್ಮ ಉದಾಹರಣೆಯ ಸಂಸ್ಥೆ ಕೃಷಿ ಪಂಪ್ ಮತ್ತು ಯಂತ್ರಗಳನ್ನು ಮಾರುತ್ತದೆ. ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿ, ಶಾಖೆಗಳು ಶಿರಸಿ, ಗದಗ ಮತ್ತು ವಿಜಯಪುರದಲ್ಲಿ. ಎಲ್ಲ ಸೇರಿ ಸುಮಾರು 60 ಜನ, ಶಿರಸಿಯಲ್ಲಿ 12.

ಯಾವ ಕೆಲಸ, ಯಾರ ಮೇಲೆ

ವರ್ಕ್‌ಸ್ಪೇಸ್‌ನ ಆಡಳಿತವೆಲ್ಲ ನಡೆಯುವುದು `admin.google.com` ಎಂಬ ಪುಟದಲ್ಲಿ. ಸಂಸ್ಥೆ ಮೊದಲು ಖಾತೆ ತೆರೆದಾಗ ಒಬ್ಬರು ಸೂಪರ್ ಅಡ್ಮಿನ್ ಆಗುತ್ತಾರೆ. ಅವರಿಗೆ ಎಲ್ಲವೂ ಸಾಧ್ಯ. ಅವರ ಕೆಳಗೆ ಬೇರೆ ಬೇರೆ ‘ರೋಲ್’ಗಳನ್ನು ಮಾಡಿ ಹಂಚಬಹುದು. ಹಂಚುವ ಅಧಿಕಾರ ಮಾತ್ರ ಸೂಪರ್ ಅಡ್ಮಿನ್ ಬಳಿಯೇ ಉಳಿಯುತ್ತದೆ. ಶಿರಸಿಯ ಮ್ಯಾನೇಜರ್ ತಮಗೆ ಸಿಕ್ಕ ಅಧಿಕಾರವನ್ನು ತಮ್ಮ ಸಹಾಯಕರಿಗೆ ದಾಟಿಸಲಾರರು.

ಹೀಗೆ ಹಂಚುವಾಗ ಉತ್ತರಿಸಬೇಕಾದ ಪ್ರಶ್ನೆಗಳು ಎರಡು. ಯಾವ ಕೆಲಸ ಮಾಡಬಹುದು ಎನ್ನುವುದು ಒಂದು. ಅದನ್ನು ರೋಲ್ ಹೇಳುತ್ತದೆ. ಯಾರ ಮೇಲೆ ಮಾಡಬಹುದು ಎನ್ನುವುದು ಇನ್ನೊಂದು. ಅದನ್ನು ಆರ್ಗನೈಸೇಷನಲ್ ಯೂನಿಟ್ ಹೇಳುತ್ತದೆ, ಐಟಿಯವರ ಬಾಯಲ್ಲಿ ‘ಓಯು’. ತಹಶೀಲ್ದಾರರಿಗೆ ಹುದ್ದೆಯಿಂದ ಅಧಿಕಾರ ಬಂದರೂ ಅದು ನಡೆಯುವುದು ಅವರ ತಾಲ್ಲೂಕಿನ ಗಡಿಯೊಳಗೆ ಮಾತ್ರ ಅಲ್ಲವೇ, ಇಲ್ಲಿಯೂ ಅಷ್ಟೇ. ಹೆಚ್ಚಿನವರು ತಲೆ ಕೆಡಿಸಿಕೊಳ್ಳುವುದು ಮೊದಲ ಪ್ರಶ್ನೆಗೆ. ಎಡವಟ್ಟುಗಳು ಹುಟ್ಟುವುದು ಎರಡನೆಯದರಲ್ಲಿ.

ಯೂನಿಟ್ ಎಂದರೆ ಖಾತೆಗಳನ್ನು ಇಡುವ ಒಂದು ಕಪಾಟಿನಂತಹ ವಿಭಾಗ. ಒಂದರೊಳಗೆ ಇನ್ನೊಂದನ್ನು ಮಾಡಬಹುದು. ಒಬ್ಬ ವ್ಯಕ್ತಿಯ ಖಾತೆ ಒಂದು ಹೊತ್ತಿಗೆ ಒಂದೇ ಯೂನಿಟ್‌ನಲ್ಲಿ ಇರಬಲ್ಲದು. ಮೊದಲು ಖಾತೆ ತೆರೆದಾಗ ಎಲ್ಲರೂ ಬೇರಿನಲ್ಲೇ, ಅಂದರೆ ಎಲ್ಲಕ್ಕೂ ಮೇಲಿನ ಒಂದೇ ಯೂನಿಟ್‌ನಲ್ಲಿ ಇರುತ್ತಾರೆ. ಎಷ್ಟೋ ಸಂಸ್ಥೆಗಳಲ್ಲಿ ವರ್ಷಗಳ ನಂತರವೂ ಹಾಗೆಯೇ ಇರುತ್ತಾರೆ. ಎಲ್ಲರೂ ಒಂದೇ ಕಡೆ ಇದ್ದರೆ ಶಿರಸಿಯನ್ನು ಬೇರೆಯಾಗಿ ಒಬ್ಬರಿಗೆ ಒಪ್ಪಿಸುವುದು ಸಾಧ್ಯವಿಲ್ಲ. ಆದ್ದರಿಂದ ರೋಲ್ ಬಗ್ಗೆ ಯೋಚಿಸುವ ಮೊದಲು `Directory` ಅಡಿಯಲ್ಲಿರುವ `Organizational units` ಪುಟಕ್ಕೆ ಹೋಗಿ ಯೂನಿಟ್‌ಗಳನ್ನು ಮಾಡಬೇಕು. ನಮ್ಮ ಸಂಸ್ಥೆಗೆ ಹೀಗಿದ್ದರೆ ಸಾಕು:

```
/
├─ Admin-Accounts
├─ HeadOffice
│   └─ Audit
└─ Branches
    ├─ Sirsi
    ├─ Gadag
    └─ Vijayapura
```

ಅಧಿಕಾರ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. `Sirsi` ಮೇಲೆ ಕೊಟ್ಟ ಅಧಿಕಾರ ಅಲ್ಲಿಗೇ ನಿಲ್ಲುತ್ತದೆ. ನಾಳೆ ಅದರ ಒಳಗೆ ಇನ್ನೊಂದು ಯೂನಿಟ್ ಮಾಡಿದರೆ ಅದಕ್ಕೂ ತಾನಾಗಿ ಹಬ್ಬುತ್ತದೆ. ಅದನ್ನೇ ಒಂದು ಮೆಟ್ಟಿಲು ಮೇಲಕ್ಕೆ, `Branches` ಮೇಲೆ ಕೊಟ್ಟರೆ ಮೂರೂ ಶಾಖೆಗಳು ಶಿರಸಿಯವರ ಕೈಗೆ ಬರುತ್ತವೆ. ಪಟ್ಟಿಯಲ್ಲಿ ಈ ಎರಡು ಹೆಸರುಗಳು ಮೇಲೆ ಕೆಳಗೆ ಇರುವುದರಿಂದ ಗಡಿಬಿಡಿಯಲ್ಲಿ ತಪ್ಪು ಸಾಲನ್ನು ಒತ್ತುವುದು ಸುಲಭ.

ಆಡಿಟರ್ ಎಲ್ಲಿ ಕೂರುತ್ತಾರೆ?

ಯೂನಿಟ್‌ಗಳನ್ನು ಮಾಡಿದ ಮೇಲೆ ಜನರನ್ನು ಅವುಗಳಲ್ಲಿ ಹಾಕಬೇಕು. ಶಿರಸಿಯಲ್ಲಿ ಕೆಲಸ ಮಾಡುವವರನ್ನೆಲ್ಲ `Sirsi`ಗೆ ಹಾಕಿಬಿಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಹನ್ನೆರಡು ಜನರಲ್ಲಿ ಹತ್ತು ಮಂದಿಗೆ ಅದು ಸರಿ. ಉಳಿದ ಇಬ್ಬರಲ್ಲಿ ಒಬ್ಬರು ಮುಖ್ಯ ಕಚೇರಿ ನೇಮಿಸಿದ ಆಂತರಿಕ ಲೆಕ್ಕ ಪರಿಶೋಧಕರು. ಕುರ್ಚಿ ಶಿರಸಿಯಲ್ಲಿ, ವರದಿ ಒಪ್ಪಿಸುವುದು ಹುಬ್ಬಳ್ಳಿಗೆ. ಅವರು ಪರಿಶೋಧಿಸುವುದು ಶಾಖೆಯ ಲೆಕ್ಕವನ್ನು, ಅಂದರೆ ಮ್ಯಾನೇಜರ್ ಸಹಿ ಮಾಡಿದ ಕಾಗದಗಳನ್ನು.

ಇವರ ಖಾತೆಯೂ `Sirsi`ಯಲ್ಲಿದ್ದರೆ ಏನಾಗಬಹುದು? ಮ್ಯಾನೇಜರ್‌ಗೆ ಪಾಸ್‌ವರ್ಡ್ ಬದಲಿಸುವ ಅಧಿಕಾರ ಇದೆ. ಶನಿವಾರ ಸಂಜೆ ಪರಿಶೋಧಕರು ಊರಿಗೆ ಹೋದ ಮೇಲೆ ಅವರ ಪಾಸ್‌ವರ್ಡ್ ಬದಲಿಸುತ್ತಾರೆ, ಹೊಸ ಪಾಸ್‌ವರ್ಡ್ ಹಾಕಿ ಒಳಗೆ ಹೋಗುತ್ತಾರೆ, ಅರ್ಧ ಬರೆದಿಟ್ಟ ವರದಿಯನ್ನು ಓದುತ್ತಾರೆ. ಬೇರೆಯವರ ಮೇಲ್ ಓದುವ ಅಧಿಕಾರವನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಆದರೆ ಪಾಸ್‌ವರ್ಡ್ ಬದಲಿಸುವ ಅಧಿಕಾರದ ಹೊಟ್ಟೆಯೊಳಗೇ ಅದು ಇತ್ತು. ಸಿಬ್ಬಂದಿಗೆ ಸಹಾಯವಾಗಲೆಂದು ಕೊಟ್ಟ ಅತ್ಯಂತ ಸಣ್ಣ ಅಧಿಕಾರ ಎಂದು ನಾವು ಯಾವುದನ್ನು ಎಣಿಸುತ್ತೇವೋ ಅದೇ ಒಂದು ಖಾತೆಯ ಬಾಗಿಲು ತೆರೆಯುವ ಅಧಿಕಾರವೂ ಹೌದು.

ಇದು ನಡೆದರೆ ಕುರುಹು ಉಳಿಯುತ್ತದೆ. ಪರಿಶೋಧಕರು ಸೋಮವಾರ ತಮ್ಮ ಹಳೆಯ ಪಾಸ್‌ವರ್ಡ್ ಹಾಕಿದಾಗ, ಅದು ಇಷ್ಟು ಹೊತ್ತಿನ ಹಿಂದೆ ಬದಲಾಗಿದೆ ಎಂದು ಪರದೆಯೇ ಹೇಳುತ್ತದೆ. ಆಡಳಿತದ ದಾಖಲೆಯಲ್ಲಿ ಬದಲಿಸಿದವರ ಹೆಸರು, ದಿನಾಂಕ, ಗಂಟೆ ಇರುತ್ತವೆ. ಆದರೆ ಆಗ ವರದಿಯನ್ನು ಓದಿಯಾಗಿರುತ್ತದೆ.

ಇದನ್ನು ತಡೆಯುವ ಕ್ರಮಗಳು ಎರಡು, ಎರಡೂ ಬೇಕು. ಮೊದಲನೆಯದು, ಪರಿಶೋಧಕರ ಖಾತೆಯನ್ನು `HeadOffice` ಒಳಗಿನ `Audit` ಯೂನಿಟ್‌ನಲ್ಲಿ ಇಡುವುದು. ಅವರು ಶಿರಸಿಯಲ್ಲೇ ಕೂತು ಕೆಲಸ ಮಾಡಲಿ, ಅವರ ಖಾತೆ ಶಾಖೆಯ ಮ್ಯಾನೇಜರ್‌ನ ಕೈಗೆ ಸಿಗುವುದಿಲ್ಲ. ಯೂನಿಟ್‌ಗಳಿಗೆ ಊರಿನ ಹೆಸರು ಇಟ್ಟಿರುವುದರಿಂದ ಅವು ನಕ್ಷೆಯಂತೆ ಕಾಣುತ್ತವೆ. ವಾಸ್ತವದಲ್ಲಿ ಅವು ಯಾರು ಯಾರ ಅಧೀನ ಎಂದು ಹೇಳುವ ಪಟ್ಟಿ. ಒಬ್ಬರ ಖಾತೆಯನ್ನು ಎಲ್ಲಿ ಇಡಬೇಕು ಎಂದು ತಿಳಿಯದಿದ್ದರೆ ಹೀಗೆ ಕೇಳಿಕೊಳ್ಳಿ: ಈ ವ್ಯಕ್ತಿಯ ಮೇಲ್ ಪೆಟ್ಟಿಗೆಯನ್ನು ಶಾಖಾ ಮ್ಯಾನೇಜರ್ ತೆರೆದರೆ ಸಂಸ್ಥೆಗೆ ತೊಂದರೆ ಇದೆಯೇ? ಇದೆ ಎಂದಾದರೆ ಆ ಖಾತೆ ಶಾಖೆಯ ಯೂನಿಟ್‌ನಲ್ಲಿ ಇರಬಾರದು.

ಎರಡನೆಯದು, ಎರಡು ಹಂತದ ಪರಿಶೀಲನೆಯನ್ನು ಎಲ್ಲರಿಗೂ ಕಡ್ಡಾಯ ಮಾಡುವುದು. ಆಗ ಪಾಸ್‌ವರ್ಡ್ ಗೊತ್ತಿದ್ದರೂ ಆ ವ್ಯಕ್ತಿಯ ಫೋನ್‌ನಲ್ಲಿ ಒಪ್ಪಿಗೆ ಒತ್ತದೆ ಹೊಸ ಕಂಪ್ಯೂಟರ್‌ನಿಂದ ಒಳಗೆ ಹೋಗಲಾಗದು. ಇದರಿಂದ ಶಾಖೆಯ ಉಳಿದ ಸಿಬ್ಬಂದಿಗೂ ರಕ್ಷಣೆ ಸಿಗುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಈ ಎರಡನೇ ಹಂತವನ್ನು ತೆಗೆಯುವ ಮತ್ತು ಬದಲಿ ಕೋಡ್‌ಗಳನ್ನು ಪಡೆಯುವ ಅಧಿಕಾರವೂ ಒಂದು ಪ್ರತ್ಯೇಕ ಸಾಲಾಗಿ ಪಟ್ಟಿಯಲ್ಲಿದೆ. ಅದರ ಹೆಸರು `User Security Management`. ಪಾಸ್‌ವರ್ಡ್ ಬದಲಿಸುವವರಿಗೇ ಇದನ್ನೂ ಕೊಟ್ಟರೆ ಎರಡು ಬೀಗದ ಕೀಲಿಯನ್ನೂ ಒಬ್ಬರಿಗೇ ಕೊಟ್ಟಂತಾಯಿತು.

ಹನ್ನೆರಡನೆಯವರು ಸ್ವತಃ ಮ್ಯಾನೇಜರ್. ಅವರಿಗೆ ಅಡ್ಮಿನ್ ರೋಲ್ ಸಿಕ್ಕ ಕೂಡಲೇ ಅವರ ಖಾತೆ ಇನ್ನೊಬ್ಬ ಶಾಖಾ ಅಡ್ಮಿನ್‌ನ ಅಧಿಕಾರದಿಂದ ಹೊರಗೆ ಹೋಗುತ್ತದೆ. ಸೀಮಿತ ಅಡ್ಮಿನ್‌ಗಳು ಸಾಮಾನ್ಯ ಬಳಕೆದಾರರ ಪಾಸ್‌ವರ್ಡ್ ಬದಲಿಸಬಹುದೇ ಹೊರತು ಬೇರೆ ಅಡ್ಮಿನ್‌ಗಳದ್ದನ್ನು ಅಲ್ಲ. ಆದ್ದರಿಂದ ಮ್ಯಾನೇಜರ್ ತಮ್ಮದೇ ಪಾಸ್‌ವರ್ಡ್ ಮರೆತ ದಿನ ಹುಬ್ಬಳ್ಳಿಗೆ ಫೋನ್ ಮಾಡಲೇಬೇಕು. ಇದು ವ್ಯವಸ್ಥೆಯ ದೋಷವಲ್ಲ, ಬೇಕೆಂದೇ ಮಾಡಿದ್ದು.

ರೋಲ್ ಕಟ್ಟುವುದು

ಈಗ ರೋಲ್‌ಗೆ ಬರೋಣ. ಗೂಗಲ್ ಕೆಲವು ಸಿದ್ಧ ರೋಲ್‌ಗಳನ್ನು ಕೊಟ್ಟಿದೆ. ನಮಗೆ ಹತ್ತಿರದವು ಎರಡು. `Help Desk Admin` ಎಂಬುದು ತೀರ ಚಿಕ್ಕದು: ಸಿಬ್ಬಂದಿಯ ವಿವರ ನೋಡಬಹುದು, ಪಾಸ್‌ವರ್ಡ್ ಬದಲಿಸಬಹುದು. `User Management Admin` ಎಂಬುದು ದೊಡ್ಡದು: ಖಾತೆ ತೆರೆಯುವುದು, ಅಳಿಸುವುದು, ಹೆಸರು ಬದಲಿಸುವುದು, ಒಬ್ಬೊಬ್ಬರ ಭದ್ರತಾ ಸೆಟ್ಟಿಂಗ್ ಕೂಡ. ಎರಡನ್ನೂ ಒಂದು ಯೂನಿಟ್‌ಗೆ ಸೀಮಿತಗೊಳಿಸಬಹುದು. ಶಾಖೆಯಲ್ಲಿ ಜನ ಬಂದು ಹೋಗುವುದು ಅಪರೂಪವಾದರೆ ಮೊದಲನೆಯದೇ ಸಾಕು, ಬೇರೇನೂ ಕಟ್ಟುವ ಗೋಜಿಲ್ಲ.

ಶಿರಸಿಯಲ್ಲಿ ಹಂಗಾಮಿಗೆ ತಕ್ಕಂತೆ ಮಾರಾಟದ ಹುಡುಗರು ಸೇರುತ್ತಾರೆ, ಬಿಡುತ್ತಾರೆ. ಬಿಟ್ಟುಹೋದವರ ಖಾತೆಯನ್ನು ಅದೇ ದಿನ ಮುಚ್ಚಬೇಕು. ಹಾಗಾಗಿ ಮೊದಲನೆಯದು ಸಾಲದು, ಎರಡನೆಯದು ಹೆಚ್ಚಾಯಿತು. `Account` ಅಡಿಯ `Admin roles` ಪುಟದಲ್ಲಿ ಹೊಸ ರೋಲ್ ಒಂದನ್ನು ಮಾಡಿ, ಅಧಿಕಾರಗಳ ಉದ್ದನೆಯ ಪಟ್ಟಿಯಿಂದ ಬೇಕಾದಷ್ಟಕ್ಕೆ ಮಾತ್ರ ಗುರುತು ಹಾಕಬೇಕು. ಯೂನಿಟ್‌ಗಳನ್ನು ಮತ್ತು ಬಳಕೆದಾರರನ್ನು ನೋಡುವ ಅಧಿಕಾರ, ಪಾಸ್‌ವರ್ಡ್ ಬದಲಿಸುವುದು, ಮುಂದಿನ ಸಲ ಒಳಬರುವಾಗ ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳುವಂತೆ ಕಡ್ಡಾಯ ಮಾಡುವುದು, ಖಾತೆಯನ್ನು ಅಮಾನತಿನಲ್ಲಿಡುವುದು, ಇವಿಷ್ಟೇ. ಈ ನಾಲ್ಕೈದು ಗುರುತುಗಳಿಂದ ಶಾಖೆಯ ದಿನನಿತ್ಯದ ಕರೆಗಳಲ್ಲಿ ಬಹುಪಾಲು ಅಲ್ಲೇ ಮುಗಿಯುತ್ತವೆ.

ಬಿಟ್ಟದ್ದಕ್ಕೂ ಕಾರಣ ಇದೆ. ಖಾತೆ ಅಳಿಸುವ ಅಧಿಕಾರವನ್ನು ಕೊಡಲಿಲ್ಲ. ಅಮಾನತಿನಲ್ಲಿಟ್ಟ ಖಾತೆಗೆ ಯಾರೂ ಪ್ರವೇಶಿಸಲಾಗದು, ಹೊಸ ಮೇಲ್ ಬರದು, ಆದರೆ ಹಳೆಯ ಮೇಲ್ ಮತ್ತು ಕಡತಗಳು ಹಾಗೇ ಇರುತ್ತವೆ. ಒಂದು ಒತ್ತಿನಲ್ಲಿ ಮರಳಿ ತೆರೆಯಬಹುದು. ಅಳಿಸಿದ ಖಾತೆಯನ್ನು ಮರಳಿ ಪಡೆಯಲು ಇರುವುದು 20 ದಿನ. ಅದು ಕಳೆದರೆ, ಬೇರೆಯವರ ಹೆಸರಿಗೆ ವರ್ಗಾಯಿಸದೆ ಬಿಟ್ಟ ಕಡತಗಳೂ ಹೋದಂತೆಯೇ. ಬಿಟ್ಟುಹೋದ ಹುಡುಗನ ಡ್ರೈವ್‌ನಲ್ಲಿ ರೈತರಿಗೆ ಕೊಟ್ಟ ಕೊಟೇಶನ್‌ಗಳೆಲ್ಲ ಇರಬಹುದು. ಅಳಿಸುವ ಮೊದಲು ಅವು ಯಾರಿಗೆ ಹೋಗಬೇಕು ಎಂದು ನೋಡುವುದು ಮುಖ್ಯ ಕಚೇರಿಯ ಕೆಲಸ. ಅಮಾನತಿನ ಖಾತೆಗೂ ಪೂರ್ತಿ ಶುಲ್ಕ ಬೀಳುತ್ತಲೇ ಇರುತ್ತದೆ ಎನ್ನುವುದು ನೆನಪಿರಲಿ. ಶಾಖೆಯವರು ಮುಚ್ಚಿಟ್ಟದ್ದನ್ನು ಹುಬ್ಬಳ್ಳಿಯವರು ತಿಂಗಳಿಗೊಮ್ಮೆಯಾದರೂ ಇತ್ಯರ್ಥ ಮಾಡದಿದ್ದರೆ, ಬಳಸದ ಖಾತೆಗಳಿಗೆ ಹಣ ಕಟ್ಟುತ್ತಾ ಕೂರಬೇಕು.

ಹೊಸ ಖಾತೆ ತೆರೆಯುವ ಅಧಿಕಾರದ ಬಗ್ಗೆ ಸ್ವಲ್ಪ ಹೆಚ್ಚು ಯೋಚಿಸಬೇಕು. ಹಣದ ಪ್ರಶ್ನೆ ಮೇಲ್ನೋಟಕ್ಕೇ ಕಾಣುತ್ತದೆ: ಪ್ರತಿ ಖಾತೆಯೂ ಒಂದು ಲೈಸೆನ್ಸ್ ತಿನ್ನುತ್ತದೆ. ತಿಂಗಳ ಲೆಕ್ಕದ ಯೋಜನೆಯಲ್ಲಿ ಬಿಲ್ ಏರುತ್ತದೆ, ವರ್ಷದ ಒಪ್ಪಂದದಲ್ಲಿ ಕೊಂಡ ಲೈಸೆನ್ಸ್ ತೀರಿದ ಮೇಲೆ ಹೊಸಬರಿಗೆ ಜಾಗ ಇರುವುದಿಲ್ಲ. ಮೇಲ್ನೋಟಕ್ಕೆ ಕಾಣದ ಪ್ರಶ್ನೆ ಹೆಸರಿನದು. ಯೂನಿಟ್ ಎಂಬ ಬೇಲಿ ಜನರಿಗೆ ಹಾಕಿದ್ದು, ಇಮೇಲ್ ವಿಳಾಸಗಳಿಗಲ್ಲ. ಶಿರಸಿಯ ಯೂನಿಟ್‌ನೊಳಗೆ ತೆರೆದ ಖಾತೆಗೆ ‘ಶಿರಸಿ’ ಎಂಬ ಮುದ್ರೆ ಇರುವುದಿಲ್ಲ. ಯಾರೂ ಬಳಸದೆ ಉಳಿದಿದ್ದರೆ ಸಂಸ್ಥೆಯ ಹೆಸರಿನ ಹಿಂದೆ `accounts@` ಎಂದೋ `director@` ಎಂದೋ ವಿಳಾಸ ಮಾಡಿಕೊಳ್ಳಬಹುದು. ಅಲ್ಲಿಂದ ಗ್ರಾಹಕರಿಗೆ “ಇನ್ನು ಮುಂದೆ ಹಣವನ್ನು ಈ ಬ್ಯಾಂಕ್ ಖಾತೆಗೆ ಕಟ್ಟಿ” ಎಂದು ಮೇಲ್ ಹೋದರೆ ಅದು ನಿಜವಾಗಿಯೂ ಸಂಸ್ಥೆಯ ವಿಳಾಸದಿಂದಲೇ ಹೋದದ್ದು. ಅನುಮಾನ ಪಡಲು ಗ್ರಾಹಕರಿಗೆ ಕಾರಣವೇ ಇರುವುದಿಲ್ಲ. ಒಬ್ಬರ ಖಾತೆಗೆ ಇನ್ನೊಂದು ವಿಳಾಸ ಜೋಡಿಸುವ `Add/Remove Aliases` ಎಂಬ ಅಧಿಕಾರದಲ್ಲೂ, ಹೆಸರು ಬದಲಿಸುವ ಅಧಿಕಾರದಲ್ಲೂ ಇದೇ ಅಪಾಯ. ನಮ್ಮ ಸಂಸ್ಥೆ ಈ ಮೂರನ್ನೂ ಹುಬ್ಬಳ್ಳಿಯಲ್ಲೇ ಇಟ್ಟುಕೊಂಡಿದೆ. ಖಾತೆ ತೆರೆಯಲು ಬಿಡಲೇಬೇಕಾದ ದೊಡ್ಡ ಸಂಸ್ಥೆಗಳು ಮೊದಲು ಅಂತಹ ಮುಖ್ಯ ವಿಳಾಸಗಳನ್ನೆಲ್ಲ ತಾವೇ ಹಿಡಿದಿಟ್ಟುಕೊಂಡು ಆಮೇಲೆ ಬಿಡುವುದು ಒಳ್ಳೆಯದು.

ಬೇಲಿ ನಿಲ್ಲದ ಕಡೆ

ಪಟ್ಟಿಯಲ್ಲಿರುವ ಎಲ್ಲ ಅಧಿಕಾರಗಳೂ ಯೂನಿಟ್‌ನ ಗಡಿಗೆ ಒಗ್ಗುವುದಿಲ್ಲ. ಪ್ರತಿ ಅಧಿಕಾರದ ಹಿಂದೆ `isOuScopable` ಎಂಬ ಗುರುತೊಂದನ್ನು ಗೂಗಲ್ ಇಟ್ಟಿದೆ: ಇದನ್ನು ಒಂದು ಯೂನಿಟ್‌ಗೆ ಸೀಮಿತಗೊಳಿಸಬಹುದೇ, ಇಲ್ಲವೇ. ಬಳಕೆದಾರರಿಗೆ ಸಂಬಂಧಿಸಿದವು ಒಗ್ಗುತ್ತವೆ. ಗುಂಪುಗಳಿಗೆ, ಅಂದರೆ ಒಂದು ವಿಳಾಸಕ್ಕೆ ಕಳಿಸಿದ ಮೇಲ್ ಹಲವರಿಗೆ ಹೋಗುವ ವ್ಯವಸ್ಥೆಗೆ ಸಂಬಂಧಿಸಿದವು ಒಗ್ಗುವುದಿಲ್ಲ. ಗುಂಪು ಯಾವ ಯೂನಿಟ್‌ಗೂ ಸೇರಿದ್ದಲ್ಲ. ಅದರಲ್ಲಿ ಶಿರಸಿಯವರೂ ಗದಗದವರೂ ಒಟ್ಟಿಗೆ ಇರಬಹುದು.

ಇಲ್ಲಿ ಆಗುವ ಎಡವಟ್ಟು ಹೀಗೆ. ಶಾಖೆಯ ಮಾರಾಟ ಗುಂಪಿಗೆ ಹೊಸ ಹುಡುಗನನ್ನು ಸೇರಿಸಲು ಮ್ಯಾನೇಜರ್‌ಗೆ ಆಗುತ್ತಿಲ್ಲ ಎಂದು ದೂರು ಬರುತ್ತದೆ. ಐಟಿಯವರು ರೋಲ್‌ಗೆ ಗುಂಪುಗಳ ಅಧಿಕಾರವನ್ನೂ ಸೇರಿಸುತ್ತಾರೆ. ಆ ಅಧಿಕಾರಕ್ಕೆ ಗಡಿ ಇಲ್ಲ. ನಿರ್ದೇಶಕರ ಗುಂಪಿಗೆ ತಮ್ಮನ್ನೇ ಸೇರಿಸಿಕೊಂಡು ಅಲ್ಲಿಗೆ ಬರುವ ಮೇಲ್‌ಗಳನ್ನೆಲ್ಲ ಓದುವ ದಾರಿ ಶಾಖೆಗೆ ತೆರೆಯುತ್ತದೆ.

ಸರಿಯಾದ ದಾರಿ ಅಡ್ಮಿನ್ ಪುಟದ ಹೊರಗಿದೆ. `groups.google.com`ನಲ್ಲಿ ಪ್ರತಿ ಗುಂಪಿಗೂ ತನ್ನದೇ ಮಾಲೀಕರು ಮತ್ತು ಮ್ಯಾನೇಜರ್‌ಗಳು ಇರಬಹುದು. ಶಿರಸಿಯ ಮಾರಾಟ ಗುಂಪಿಗೆ ಶಾಖಾ ಮ್ಯಾನೇಜರ್ ಅವರನ್ನು ಮ್ಯಾನೇಜರ್ ಮಾಡಿದರೆ ಅವರು ಆ ಒಂದು ಗುಂಪಿಗೆ ಜನರನ್ನು ಸೇರಿಸುತ್ತಾರೆ, ತೆಗೆಯುತ್ತಾರೆ. ಅದಕ್ಕೆ ಯಾವ ಅಡ್ಮಿನ್ ರೋಲ್ ಕೂಡ ಬೇಕಿಲ್ಲ.

ರೋಲ್ ಹಂಚುವಾಗ ಗಡಿ ಬಿದ್ದಿದೆಯೋ ಇಲ್ಲವೋ ಎಂದು ತಿಳಿಯುವುದು ಸುಲಭ. ಮ್ಯಾನೇಜರ್‌ನ ಹೆಸರಿನ ಮುಂದೆ ಯಾವ ಯೂನಿಟ್ ಎಂದು ಬರೆದಿರುತ್ತದೆ. `Sirsi` ಇರಬೇಕಾದ ಕಡೆ `All organizational units` ಎಂದು ಕಂಡರೆ ರೋಲ್ ಇಡೀ ಸಂಸ್ಥೆಗೆ ಅನ್ವಯವಾಗಿದೆ ಎಂದರ್ಥ. ಯೂನಿಟ್ ಆರಿಸುವುದನ್ನು ಮರೆತಿರಬಹುದು, ಇಲ್ಲವೇ ಗಡಿಗೆ ಒಗ್ಗದ ಅಧಿಕಾರವೊಂದು ರೋಲ್‌ನೊಳಗೆ ಸೇರಿರಬಹುದು.

ಹಂಚಿದ ಮೇಲೆ ಪರೀಕ್ಷಿಸದೆ ಬಿಡಬೇಡಿ. ಮ್ಯಾನೇಜರ್ ಅವರನ್ನೇ ತಮ್ಮ ಹೆಸರಿನಲ್ಲಿ ಅಡ್ಮಿನ್ ಪುಟಕ್ಕೆ ಹೋಗಲು ಹೇಳಿ. ಬದಲಾವಣೆ ಸಾಮಾನ್ಯವಾಗಿ ಬೇಗ ಜಾರಿಯಾಗುತ್ತದೆ, ಕೆಲವೊಮ್ಮೆ 24 ಗಂಟೆಯವರೆಗೂ ಹಿಡಿಯಬಹುದು. ಶಿರಸಿಯ ಗುಮಾಸ್ತರ ಹೆಸರು ತೆರೆದಾಗ ಪಾಸ್‌ವರ್ಡ್ ಬದಲಿಸುವ ಆಯ್ಕೆ ಕಾಣಬೇಕು. ಗದಗದ ಒಬ್ಬರ ಹೆಸರು, ಪರಿಶೋಧಕರ ಹೆಸರು, ಮಾಲೀಕರ ಹೆಸರು ಹುಡುಕಿದರೆ ಅವುಗಳ ಮೇಲೆ ಏನೂ ಮಾಡಲಾಗಬಾರದು. ಆಗಬೇಕಾದದ್ದು ಆಗುತ್ತದೆಯೇ ಎಂದು ಎಲ್ಲರೂ ನೋಡುತ್ತಾರೆ. ಆಗಬಾರದ್ದು ಆಗುವುದಿಲ್ಲವೇ ಎಂದು ನೋಡುವುದು ಈ ಪರೀಕ್ಷೆಯ ಉದ್ದೇಶ. ಮೇಲ್ ಬರೆಯುವಾಗ ಗದಗದವರ ಹೆಸರು ವಿಳಾಸ ಪಟ್ಟಿಯಲ್ಲಿ ಬರುತ್ತದಲ್ಲ ಎಂದು ಗಾಬರಿಯಾಗಬೇಡಿ. ಸಂಸ್ಥೆಯ ವಿಳಾಸ ಪಟ್ಟಿ ಯಾರಿಗೆ ಕಾಣಬೇಕು ಎನ್ನುವುದು ಬೇರೆಯೇ ಸೆಟ್ಟಿಂಗ್, ಅದಕ್ಕೂ ಅಡ್ಮಿನ್ ಅಧಿಕಾರಕ್ಕೂ ಸಂಬಂಧ ಇಲ್ಲ.

ಮೈಕ್ರೋಸಾಫ್ಟ್ ಬಳಸುವವರಿಗೆ

ಮೈಕ್ರೋಸಾಫ್ಟ್ 365ರಲ್ಲಿ ಇದೇ ಕೆಲಸಕ್ಕೆ ಇರುವುದು ಅಡ್ಮಿನಿಸ್ಟ್ರೇಟಿವ್ ಯೂನಿಟ್. ಆಲೋಚನೆ ಒಂದೇ ಆದರೂ ವಿವರಗಳು ಬೇರೆ. ಇಲ್ಲಿ ಒಬ್ಬ ವ್ಯಕ್ತಿ ಒಂದಕ್ಕಿಂತ ಹೆಚ್ಚು ಯೂನಿಟ್‌ಗಳಲ್ಲಿ ಇರಬಹುದು, ಆದರೆ ಯೂನಿಟ್ ಒಳಗೆ ಯೂನಿಟ್ ಮಾಡಲಾಗದು. ಹೀಗೆ ಸೀಮಿತ ಅಧಿಕಾರ ಪಡೆಯುವ ಪ್ರತಿ ಅಡ್ಮಿನ್‌ಗೂ ಎಂಟ್ರಾ ಐಡಿ ಪಿ1 ಲೈಸೆನ್ಸ್ ಬೇಕು. ಅದು ಬಿಸಿನೆಸ್ ಪ್ರೀಮಿಯಂ ಯೋಜನೆಯೊಳಗೆ ಬರುತ್ತದೆ, ಬಿಸಿನೆಸ್ ಬೇಸಿಕ್ ಮತ್ತು ಸ್ಟ್ಯಾಂಡರ್ಡ್‌ನಲ್ಲಿ ಇಲ್ಲ. ಗುಂಪುಗಳ ವಿಷಯದಲ್ಲಿ ಇಲ್ಲಿನ ಬಲೆ ಗೂಗಲ್‌ನದಕ್ಕೆ ತಿರುಗಾಮುರುಗಾ. ‘ಶಿರಸಿ ಸಿಬ್ಬಂದಿ’ ಎಂಬ ಗುಂಪನ್ನು ಯೂನಿಟ್‌ಗೆ ಸೇರಿಸಿದರೆ ಆ ಗುಂಪು ಮಾತ್ರ ಮ್ಯಾನೇಜರ್ ಕೈಗೆ ಬರುತ್ತದೆ. ಅದರ ಸದಸ್ಯರು ಬರುವುದಿಲ್ಲ. ಎಲ್ಲ ಸರಿಯಾಗಿ ಮಾಡಿದರೂ ಪಾಸ್‌ವರ್ಡ್ ಬದಲಿಸಲು ಆಗುತ್ತಿಲ್ಲ ಎಂಬ ದೂರು ಬಂದರೆ ಮೊದಲು ಇದನ್ನು ನೋಡಿ. ಸಿಬ್ಬಂದಿಯನ್ನು ಒಬ್ಬೊಬ್ಬರನ್ನಾಗಿಯೇ ಯೂನಿಟ್‌ಗೆ ಸೇರಿಸಬೇಕು, ಇಲ್ಲವೇ ಇಲಾಖೆ, ಊರು ಇಂತಹ ವಿವರ ನೋಡಿ ತಾನಾಗಿ ಸೇರಿಸಿಕೊಳ್ಳುವ ನಿಯಮ ಬರೆಯಬೇಕು.

ವರ್ಗಾವಣೆಯ ದಿನ

ಹೀಗೆ ಕಟ್ಟಿದ ವ್ಯವಸ್ಥೆ ಮೊದಲ ವರ್ಷ ಚೆನ್ನಾಗಿಯೇ ನಡೆಯುತ್ತದೆ. ಅದು ಸಡಿಲಾಗುವುದು ಮೊದಲ ವರ್ಗಾವಣೆಯಲ್ಲಿ.

ಶಿರಸಿಯ ಮ್ಯಾನೇಜರ್‌ಗೆ ವಿಜಯಪುರಕ್ಕೆ ವರ್ಗವಾಯಿತು ಎನ್ನಿ. ಅವರ ಖಾತೆಯನ್ನು `Sirsi`ಯಿಂದ `Vijayapura`ಕ್ಕೆ ಸರಿಸಬೇಕು. ಹೀಗೆ ಸರಿಸಲು ಎರಡೂ ಯೂನಿಟ್‌ಗಳ ಮೇಲೆ ಅಧಿಕಾರ ಬೇಕಾದ್ದರಿಂದ ಅದು ಮುಖ್ಯ ಕಚೇರಿಯ ಕೆಲಸ. ಅವರು ಸರಿಸುತ್ತಾರೆ, ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಆದರೆ ಖಾತೆ ಇರುವ ಜಾಗಕ್ಕೂ ರೋಲ್ ನಡೆಯುವ ಜಾಗಕ್ಕೂ ನಂಟಿಲ್ಲ. ರೋಲ್ ಕೊಟ್ಟದ್ದು ಕುರ್ಚಿಗಲ್ಲ, ಆ ವ್ಯಕ್ತಿಗೆ. ವಿಜಯಪುರದಲ್ಲಿ ಕೂತರೂ ಅವರು ಶಿರಸಿಯ ಸಿಬ್ಬಂದಿಯ ಪಾಸ್‌ವರ್ಡ್ ಬದಲಿಸಬಲ್ಲರು, ವಿಜಯಪುರದವರದ್ದನ್ನು ಬದಲಿಸಲಾರರು. ಎರಡನೆಯದಕ್ಕೆ ಅವರೇ ಫೋನ್ ಮಾಡಿ ಕೇಳುತ್ತಾರೆ, ಅದು ಸರಿಯಾಗುತ್ತದೆ. ಮೊದಲನೆಯದರ ಬಗ್ಗೆ ಯಾರೂ ದೂರು ಕೊಡುವುದಿಲ್ಲ, ಏಕೆಂದರೆ ಅದರಿಂದ ಯಾರ ಕೆಲಸವೂ ನಿಂತಿರುವುದಿಲ್ಲ. ಎರಡು ಮೂರು ವರ್ಗಾವಣೆ ಕಳೆದರೆ ಒಬ್ಬರೇ ಮೂರು ಶಾಖೆಗಳ ಅಡ್ಮಿನ್ ಆಗಿರುತ್ತಾರೆ.

ಇದನ್ನು ಹಿಡಿಯಲು ಎರಡು ಕಡೆ ನೋಡಬೇಕು. `Admin roles` ಪುಟದಲ್ಲಿ ಆ ರೋಲ್ ತೆರೆದರೆ ಅದು ಯಾರ ಬಳಿ, ಯಾವ ಯೂನಿಟ್‌ಗೆ ಇದೆ ಎಂಬ ಪಟ್ಟಿ ಸಿಗುತ್ತದೆ. ಮೂರು ಶಾಖೆಗೆ ಮೂರು ಸಾಲು ಇರಬೇಕು. ನಾಲ್ಕನೆಯದು ಕಂಡರೆ ಅದು ಹಳೆಯದು. ಇನ್ನೊಂದು ಕಡೆ `Admin log events` ಎಂಬ ದಾಖಲೆ. ಅಡ್ಮಿನ್‌ಗಳು ಮಾಡಿದ ಪ್ರತಿ ಬದಲಾವಣೆಯೂ ಅಲ್ಲಿ 6 ತಿಂಗಳು ಉಳಿಯುತ್ತದೆ. ಒಬ್ಬ ಮ್ಯಾನೇಜರ್ ಹೆಸರು ಹಾಕಿ ಹುಡುಕಿದರೆ ಅವರು ಯಾವ ದಿನ ಯಾರ ಪಾಸ್‌ವರ್ಡ್ ಬದಲಿಸಿದರು ಎಂದು ಕಾಣುತ್ತದೆ. ತಿಂಗಳಿಗೊಮ್ಮೆ ಹತ್ತು ನಿಮಿಷ ಕೊಟ್ಟು ಓದಿದರೆ ಸಾಕು. ಕಚೇರಿ ಮುಚ್ಚಿದ ಹೊತ್ತಿನಲ್ಲಿ ನಡೆದ ಬದಲಾವಣೆ, ಒಬ್ಬರದೇ ಪಾಸ್‌ವರ್ಡ್ ಮತ್ತೆ ಮತ್ತೆ ಬದಲಾಗಿರುವುದು ಕಣ್ಣಿಗೆ ಬಿದ್ದರೆ ಫೋನ್ ಮಾಡಿ ಕೇಳಬೇಕು. ಈ ದಾಖಲೆಗೆ ಬೆಲೆ ಇರುವುದು ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲೇ ಕೆಲಸ ಮಾಡಿದಾಗ ಮಾತ್ರ. ವಾಟ್ಸಾಪ್‌ನಲ್ಲಿ ಅಡ್ಮಿನ್ ಪಾಸ್‌ವರ್ಡ್ ಓಡಾಡುವ ಸಂಸ್ಥೆಯಲ್ಲಿ ಇದನ್ನು ಓದಿ ಉಪಯೋಗವಿಲ್ಲ.

ಸೂಪರ್ ಅಡ್ಮಿನ್ ಖಾತೆಗಳು ಎರಡಾದರೂ ಇರಬೇಕು, ಇಬ್ಬರ ಹೆಸರಿನಲ್ಲಿ. ಒಬ್ಬರು ಬಸ್ಸಿನಲ್ಲಿದ್ದರೆ ಇನ್ನೊಬ್ಬರು ಸಿಗುತ್ತಾರೆ. ಅವರು ದಿನನಿತ್ಯದ ಮೇಲ್‌ಗೆ ಬಳಸುವ ಖಾತೆ ಬೇರೆ ಇರಲಿ, ಆಡಳಿತದ ಖಾತೆಗಳು `Admin-Accounts` ಯೂನಿಟ್‌ನಲ್ಲಿ ಪ್ರತ್ಯೇಕವಾಗಿರಲಿ.

ಉಳಿದದ್ದು ಕಾಗದದ ಕೆಲಸ. ವರ್ಗಾವಣೆ ಆದೇಶದ ಕೆಳಗೆ ಪ್ರತಿ ಯಾರಿಗೆಲ್ಲ ಹೋಗಬೇಕು ಎಂದು ಬರೆದಿರುತ್ತಾರೆ: ಲೆಕ್ಕ ವಿಭಾಗಕ್ಕೆ, ಸಿಬ್ಬಂದಿ ವಿಭಾಗಕ್ಕೆ, ಸಂಬಂಧಿಸಿದ ಶಾಖೆಗೆ. ಆ ಸಾಲಿನಲ್ಲಿ ಸೂಪರ್ ಅಡ್ಮಿನ್ ಹೆಸರನ್ನೂ ಸೇರಿಸಿದರೆ, ಹಳೆಯ ಶಾಖೆಯ ರೋಲ್ ತೆಗೆಯುವುದು, ಹೊಸ ಶಾಖೆಯದ್ದನ್ನು ಕೊಡುವುದು ಎರಡೂ ಅದೇ ದಿನ ಮುಗಿಯುತ್ತವೆ.